ಸಿರಪ್ ಕೊಟ್ಟರೂ ಮತ್ತೆ ಬರುವ ಕೆಮ್ಮು: ಮೊದಲು ಒಣಹುಲ್ಲು ನೋಡಿ

ಪ್ರಶ್ನೆ: "ಹನ್ನೆರಡು ವರ್ಷದ ಗೆಲ್ಡಿಂಗ್, ಬೀಜ ತೆಗೆಸಿದ ಗಂಡು ಕುದುರೆ. ಜ್ವರ ಇಲ್ಲ, ಮೇವು ಚೆನ್ನಾಗಿ ತಿನ್ನುತ್ತಾನೆ. ಬೆಳಗ್ಗೆ ಕೆಮ್ಮು ಜಾಸ್ತಿ. ಕ್ಲೆನ್‌ಬುಟೆರಾಲ್ ಸಿರಪ್‌ನಲ್ಲಿ ಪೂರ್ತಿ ನಿಂತಿತ್ತು, ಈಗ ಮತ್ತೆ ಶುರು. ಡೋಸ್ ಜಾಸ್ತಿ ಮಾಡಬಹುದಾ?"

ದಯವಿಟ್ಟು ಮಾಡಬೇಡಿ ಸರ್. ಇಂಥ ಕೆಮ್ಮು ಹೆಚ್ಚಾಗಿ ಒಣಹುಲ್ಲಿನ ಧೂಳಿನಿಂದ ಬರುವ ಕುದುರೆಯ ಆಸ್ತಮಾ. ಆ ಸಿರಪ್ ಬಿಗಿದ ಶ್ವಾಸನಾಳವನ್ನು ಸಡಿಲ ಮಾಡುತ್ತದೆ, ಕಫ ಹೊರಬರಲು ಸ್ವಲ್ಪ ನೆರವಾಗುತ್ತದೆ, ಅಷ್ಟೇ. ಒಳಗಿನ ಊತ ಹಾಗೇ ಇರುತ್ತದೆ. ಬಿಡದೆ ಎರಡು ಮೂರು ವಾರ ಕೊಟ್ಟರೆ ಮೈ ಒಗ್ಗಿಕೊಂಡು ಕೆಲಸವೂ ಕಡಿಮೆಯಾಗುತ್ತದೆ. ಆಮೇಲೆ ಜಾಸ್ತಿ ಕೊಟ್ಟರೆ ಸಿಗುವುದು ಬೆವರು, ನಡುಕ, ಜೋರು ಎದೆಬಡಿತ. ಕೆಮ್ಮು ನಿಂತಿತು ಅಂತ ಅದೇ ಧೂಳಿನಲ್ಲಿ ಕಟ್ಟಿದರೆ ತೆರೆದ ನಾಳದಲ್ಲಿ ಧೂಳು ಇನ್ನೂ ಆಳಕ್ಕೆ ಇಳಿಯುತ್ತದೆ. ಯಾವ ಕಂಪನಿಯ ಸಿರಪ್ ಆದರೂ ಇದು ಬದಲಾಗಲ್ಲ. ದುಬಾರಿ ಬ್ರಾಂಡ್ ಹುಡುಕಬೇಡಿ, ಆ ದುಡ್ಡು ಒಳ್ಳೆಯ ಹುಲ್ಲಿಗೆ ಹಾಕಿ.

ನಮ್ಮ ಲಾಯದ ಕಂದು ಗೆಲ್ಡಿಂಗ್‌ಗೂ ಹೀಗೇ ಆಯಿತು. ಸಿರಪ್‌ನಿಂದ ಸುಮ್ಮನಾಗಿದ್ದವನು ಸ್ವಲ್ಪ ದಿನದಲ್ಲಿ ನಿಂತಲ್ಲೇ ಮೂಗಿನ ಹೊಳ್ಳೆ ಅರಳಿಸತೊಡಗಿದ. ಉಸಿರು ಬಿಡುವಾಗ ಕೊನೆಗೆ ಹೊಟ್ಟೆ ಒತ್ತಿ ತಳ್ಳುತ್ತಿದ್ದ. ಪಕ್ಕೆಲುಬಿನ ಕೆಳಗೆ ಗೆರೆ ಎದ್ದು ಕಾಣುತ್ತಿತ್ತು. ಒಣಹುಲ್ಲು ನೆನೆಸಿ ಹಾಕಿದೆವು, ಆದರೂ ಕೆಮ್ಮು ನಿಲ್ಲಲಿಲ್ಲ. ಕೊನೆಗೆ ಡಾಕ್ಟರು ಬೆಳಗ್ಗೆ ಬಂದು ಲಾಯದಲ್ಲಿ ನಿಂತು ನೋಡಿದಾಗ ಕಾರಣ ಸಿಕ್ಕಿತು. ಅವನ ಗೋಡೆಯ ಆಚೆಗೇ ಹುಲ್ಲಿನ ಉಗ್ರಾಣ. ಕುದುರೆ ನೋಡಿಕೊಳ್ಳುವ ಸೈಸ್ ಅಲ್ಲೇ ಬೇಲ್ ಬಿಚ್ಚಿ ಕೊಡವುತ್ತಿದ್ದ, ಅದೇ ಹೊತ್ತಿಗೆ ಕಸ ಗುಡಿಸುತ್ತಿದ್ದ. ಪಕ್ಕದ ಕುದುರೆಗೆ ಒಣಹುಲ್ಲು. ಇವನೊಬ್ಬನಿಗೆ ನೆನೆಸಿ ಏನು ಪ್ರಯೋಜನ, ಗಾಳಿ ಒಂದೇ ಅಲ್ವಾ?

ಅವನನ್ನು ಕೊನೆಯ ತೆರೆದ ಶೆಡ್‌ಗೆ ಕಟ್ಟಿದೆವು. ಭತ್ತದ ಹುಲ್ಲಿನ ಹಾಸಿಗೆ ತೆಗೆದು ರಬ್ಬರ್ ಮ್ಯಾಟ್ ಹಾಸಿ, ಮೇಲೆ ಹೆರೆದ ಮರದ ದಪ್ಪ ಸಿಪ್ಪೆ ಹರಡಿದೆವು. ಗರಗಸದ ಪುಡಿ ಬೇಡ, ಅದೇ ಧೂಳು. ಗುಡಿಸುವುದು ಕುದುರೆ ಹೊರಗಿದ್ದಾಗ ಮಾತ್ರ, ನೀರು ಚಿಮುಕಿಸಿ. ಹಗಲೆಲ್ಲ ಅವನು ಹೊರಗೆ. ಊತಕ್ಕೆ ಡಾಕ್ಟರು ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟು, ಡೋಸ್ ನಿಧಾನ ಇಳಿಸಿದರು. ಅದನ್ನು ನೀವೇ ಶುರು ಮಾಡಬೇಡಿ, ಗೊರಸಿನ ಊತ ಬರುವ ಅಪಾಯ ಇದೆ. ಒಂದು ವಾರದೊಳಗೆ ಹೊಟ್ಟೆ ತಳ್ಳುವುದು ಕಡಿಮೆಯಾಯಿತು, ಕೆಮ್ಮು ಪೂರ್ತಿ ಹೋಗಲು ಇನ್ನೂ ವಾರಗಳು ಬೇಕಾದವು. ಒಮ್ಮೆ ಮಳೆ ಅಂತ ಸೈಸ್ ಒಣಹುಲ್ಲು ಒಂದು ಹೊರೆ ಹಾಕಿದ. ಮರುದಿನ ಬೆಳಗ್ಗೆಯೇ ಕೆಮ್ಮು ಹಾಜರ್. ಈ ಸೂಕ್ಷ್ಮತೆ ಜೀವನ ಪೂರ್ತಿ ಇರುತ್ತದೆ.

ನೆನೆಸುವ ವಿಷಯ. ಇದೇ ಪ್ರಶ್ನೆಗೆ ಅಣ್ಣ ಒಬ್ಬರು ಹುಲ್ಲನ್ನು ರಾತ್ರಿಯಿಡೀ ನೆನೆಸಿ ಅಂದಿದ್ದಾರೆ. ನೆನೆಸಬೇಕು ಅನ್ನುವುದು ಸರಿ, ರಾತ್ರಿಯಿಡೀ ಅನ್ನುವುದು ತಪ್ಪು. ನಮ್ಮ ಸೆಕೆಗೆ ಹುಳಿ ವಾಸನೆ ಬಂದು ಬ್ಯಾಕ್ಟೀರಿಯಾ ಬೆಳೆಯುತ್ತದೆ, ಸತ್ವವೂ ನೀರಲ್ಲಿ ಹೋಗುತ್ತದೆ. ಡ್ರಮ್‌ನಲ್ಲಿ ಪೂರ್ತಿ ಮುಳುಗಿಸಿ, ಮೇಲೆ ಕಲ್ಲಿಟ್ಟು ಮೂವತ್ತು ನಿಮಿಷ ಸಾಕು. ಮೇಲೆ ಪೈಪ್ ಹಿಡಿದು ಒದ್ದೆ ಮಾಡಿದರೆ ಒಳಗೆ ಒಣಗಿಯೇ ಇರುತ್ತದೆ. ನೀರು ಬಸಿದು, ಒಣಗುವ ಮೊದಲೇ ತಿನ್ನಿಸಿ, ಉಳಿದದ್ದು ಎಸೆಯಿರಿ. ನೆಲದ ಮೇಲೆ ಹಾಕಿ, ಬಲೆಯಲ್ಲಿ ಮೂಗಿನ ಮಟ್ಟಕ್ಕೆ ಕಟ್ಟಬೇಡಿ. ಬೂಷ್ಟು ಹಿಡಿದ ಬೇಲ್ ಅನ್ನು ನೆನೆಸಿಯೂ ಕೊಡಬಾರದು.

ಹಸಿ ಮೇವು ಇನ್ನೂ ಒಳ್ಳೆಯದು, ಆದರೆ ಬರೀ ನೇಪಿಯರ್ ಹುಲ್ಲು ಸುರಿಯಬೇಡಿ. ಅದರಲ್ಲಿ ಆಕ್ಸಲೇಟ್ ಇದ್ದು ಕ್ಯಾಲ್ಸಿಯಂ ಹಿಡಿದಿಡುತ್ತದೆ. ಜೊತೆಗೆ ಗೋಧಿ ಬೂಸಾ ಜಾಸ್ತಿ ಆದರೆ ಮುಖದ ಎಲುಬು ಊದುತ್ತದೆ. ರೋಡ್ಸ್ ಹುಲ್ಲು, ಸ್ವಲ್ಪ ಕುದುರೆ ಮೆಂತ್ಯ ಸೇರಿಸಿ. ವಾರ ಹತ್ತು ದಿನ ತಗೊಂಡು ಬದಲಿಸಿ, ಇಲ್ಲದಿದ್ದರೆ ಹೊಟ್ಟೆನೋವು.

ಮರಿಗೂ ಇದೇ ಸಿರಪ್ ಕೊಡಲಾ ಅಂತ ಇಲ್ಲೇ ಕೇಳಿದ ತಮ್ಮನಿಗೆ: ಜ್ವರ, ದವಡೆ ಕೆಳಗೆ ಗಡ್ಡೆ, ಮೂಗಲ್ಲಿ ಕೀವು ಅಂದರೆ ಇದು ಬೇರೆ, ಅಂಟುರೋಗ. ಈಗಲೇ ಬೇರೆ ಕಟ್ಟಿ, ಡಾಕ್ಟರನ್ನು ಕರೆಸಿ. ಇಂಥದೇ ಲಕ್ಷಣದ ಗ್ಲಾಂಡರ್ಸ್ ಅನ್ನುವ ಅಂಟುರೋಗ ನಮ್ಮ ದೇಶದಲ್ಲಿದೆ, ಮನುಷ್ಯರಿಗೂ ಬರುತ್ತದೆ. ಬರಿಗೈಯಲ್ಲಿ ಮೂಗು ಒರೆಸಬೇಡಿ.

ಇದೇ ಪ್ರಶ್ನೆಗೆ ಶ್ವಾಸಕೋಶ ತೊಳೆದ ನೀರು ಪರೀಕ್ಷೆ ಮಾಡಿಸಿ ಅಂದ ಡಾಕ್ಟರ್ ಮೇಡಂ ಮಾತು ಕೇಳಿ. ಕೆಲವು ಕುದುರೆಗಳಿಗೆ ಬೇಸಿಗೆಯಲ್ಲಿ ಹುಲ್ಲುಗಾವಲಿನಲ್ಲೇ ಈ ಆಸ್ತಮಾ ಕೆರಳುತ್ತದೆ, ಅವಕ್ಕೆ ಹೊರಗೆ ಬಿಟ್ಟರೆ ಜಾಸ್ತಿಯಾಗುತ್ತದೆ. ನಿಮ್ಮದು ಯಾವುದು ಅಂತ ಇಲ್ಲಿಂದ ಹೇಳಲಾಗಲ್ಲ. ನಿಮ್ಮ ಹುಲ್ಲಿನ ಉಗ್ರಾಣ ಎಲ್ಲಿದೆ, ಹೊರಗೆ ಮೇಯುವಾಗ ಕೆಮ್ಮುತ್ತಾನಾ, ತಿಳಿಸಿ. ಅವನನ್ನು ಸ್ಪರ್ಧೆಗೆ ಕರೆದೊಯ್ಯುತ್ತೀರಾ? ಹಾಗಿದ್ದರೆ ಸಿರಪ್ ಯಾವಾಗ ನಿಲ್ಲಿಸಬೇಕು ಅಂತ ಡಾಕ್ಟರನ್ನು ಈಗಲೇ ಕೇಳಿ, ಡೋಪ್ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳುತ್ತದೆ.