ಯೂ ಟರ್ನ್ ತಗೊಂಡಿದ್ದಕ್ಕೆ ಬಸ್ ದಾರಿಯ ದಂಡ?

ಪ್ರಶ್ನೆ: ನಂದು ದಾವಣಗೆರೆಯಲ್ಲಿ ಹಳದಿ ಬೋರ್ಡಿನ ಬಾಡಿಗೆ ಕಾರು. ಹುಬ್ಬಳ್ಳಿಗೆ ಬಾಡಿಗೆ ಹೋದಾಗ ಸಿಗ್ನಲ್ ಹತ್ರ ಚಿಗರಿ ಬಸ್ಸಿನ ದಾರಿ ದಾಟಿ ಯೂ ಟರ್ನ್ ತಗೊಂಡೆ. ಈಗ ಬಸ್ ದಾರಿಯಲ್ಲಿ ಓಡಿಸಿದ್ದೀರಿ ಅಂತ ಮೊಬೈಲಿಗೆ ಚಲನ್ ಬಂದಿದೆ, ಫೋಟೊನೂ ಇದೆ. ಕಟ್ಟಬೇಕಾ? ನಮ್ಮ ಗಾಡಿಯೂ ಪ್ರಯಾಣಿಕರನ್ನೇ ಒಯ್ಯುತ್ತಲ್ಲ, ಅಲ್ಲಿ ಹೋಗಂಗಿಲ್ವಾ?

ಉತ್ತರ: ಎರಡನೆಯದನ್ನು ಮೊದಲು ಮುಗಿಸೋಣ. ಹಳದಿ ಬೋರ್ಡ್ ಇದ್ದ ಮಾತ್ರಕ್ಕೆ ಬಸ್ ದಾರಿಗೆ ಪ್ರವೇಶ ಸಿಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನಂತೆ ಯಾವ ರಸ್ತೆಯಲ್ಲಿ ಯಾವ ಬಗೆಯ ವಾಹನಕ್ಕೆ ನಿರ್ಬಂಧ ಎಂಬುದನ್ನು ಅಧಿಸೂಚನೆ ಹೇಳುತ್ತದೆ, ರಸ್ತೆಯಲ್ಲಿ ಫಲಕವೂ ಇರಬೇಕು. ಹಾಗಾಗಿ ಊರಿಂದೂರಿಗೆ ಲೆಕ್ಕ ಬೇರೆ. ದೆಹಲಿಯಲ್ಲಿ 2022ರಲ್ಲಿ ಗುರುತಿಸಿದ ದಾರಿಗಳಲ್ಲಿ ಬಸ್ಸಿನ ಜೊತೆ ಸರಕು ವಾಹನಗಳಿಗೂ ಜಾಗ ಕೊಟ್ಟರು. ಹುಬ್ಬಳ್ಳಿ-ಧಾರವಾಡದ್ದು ರಸ್ತೆಯ ನಡುಭಾಗವನ್ನೇ ಬೇರ್ಪಡಿಸಿ ಮಾಡಿದ ಸುಮಾರು 22 ಕಿ.ಮೀ. ಬಿಆರ್‌ಟಿಎಸ್ ದಾರಿ, ಕಾರು, ಆಟೊ, ಬೈಕಿಗೆ ಅದು ದಾಟುವ ಜಾಗ ಮಾತ್ರ, ಓಡಿಸುವ ಜಾಗವಲ್ಲ.

ನಿಮ್ಮ ಪ್ರಕರಣ ನಿಂತಿರುವುದೂ ದಾಟುವುದು, ಓಡಿಸುವುದು ಎಂಬ ಈ ವ್ಯತ್ಯಾಸದ ಮೇಲೆಯೇ. ಇಂಥ ಕಡೆ ಸಾಮಾನ್ಯವಾಗಿ ಕ್ಯಾಮೆರಾದ ಎರಡು ನೋಟ ಬೇಕಾಗುತ್ತವೆ: ಒಂದು ನಂಬರ್ ಪ್ಲೇಟನ್ನು ಹತ್ತಿರದಿಂದ ಓದುವುದು, ಇನ್ನೊಂದು ಇಡೀ ರಸ್ತೆಯನ್ನು ತೋರಿಸುವುದು. ಬಸ್ ದಾರಿಯಷ್ಟು ಜಾಗಕ್ಕೆ ಕಂಪ್ಯೂಟರಿನಲ್ಲಿ ಗೆರೆ ಎಳೆದು ವಲಯ ಮಾಡಿರುತ್ತಾರೆ. ಅದರೊಳಗೆ ಬಂದ ನಂಬರನ್ನು ಕಂಪ್ಯೂಟರು ಅನುಮತಿ ಪಡೆದ ವಾಹನಗಳ ಪಟ್ಟಿಯ ಜೊತೆ ತಾಳೆ ನೋಡುತ್ತದೆ. ಪಟ್ಟಿಯಲ್ಲಿ ಇಲ್ಲದ್ದನ್ನು ಎತ್ತಿಡುತ್ತದೆ. ಸಿಬ್ಬಂದಿ ಫೋಟೊ ನೋಡಿ ಒಪ್ಪಿದ ಮೇಲೆ ಚಲನ್ ಹೊರಡಬೇಕು. ಎಡವಟ್ಟಾಗುವುದು ವಲಯದ ಗೆರೆ ಸಿಗ್ನಲ್ಲಿನ ನಡುಜಾಗಕ್ಕೂ ಚಾಚಿಕೊಂಡಿದ್ದಾಗ. ಆಗ ಅಡ್ಡ ದಾಟುವ ಕಾರೂ ಒಳಗೆ ಓಡಿದ ಕಾರಿನಂತೆಯೇ ಸಿಕ್ಕಿಬೀಳುತ್ತದೆ, ಫೋಟೊ ನೋಡುವ ಸಿಬ್ಬಂದಿ ಆತುರದಲ್ಲಿದ್ದರೆ ಚಲನ್ ಹಾಗೆಯೇ ಹೊರಟುಬಿಡುತ್ತದೆ.

ಈಗ ಫೋಟೊ ದೊಡ್ಡದು ಮಾಡಿ ನೋಡಿ. ಕಾರಿನ ಮೂತಿ ಬಸ್ ದಾರಿಯ ಉದ್ದಕ್ಕಿದೆಯೋ, ಅಡ್ಡಕ್ಕೋ? ಚಕ್ರ ಬಸ್ ದಾರಿಯ ಒಳಗಿದೆಯೋ, ಸಿಗ್ನಲ್ಲಿನ ನಡುಜಾಗದಲ್ಲಿದೆಯೋ? ಎರಡು ಫೋಟೊ ಇದ್ದರೆ ಸಮಯ ನೋಡಿ. ಗಂಟೆಗೆ 30 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 8 ಮೀಟರಿಗಿಂತ ಸ್ವಲ್ಪ ಹೆಚ್ಚು. ನಾಲ್ಕು ಸೆಕೆಂಡಿನ ಅಂತರದ ಎರಡು ಫೋಟೊದಲ್ಲಿ ನೀವು ಬಸ್ ದಾರಿಯಲ್ಲೇ 30 ಮೀಟರ್ ಮುಂದೆ ಹೋಗಿದ್ದರೆ ಅದನ್ನು ಯೂ ಟರ್ನ್ ಎಂದು ಯಾರೂ ಒಪ್ಪುವುದಿಲ್ಲ, ಕಟ್ಟಿಬಿಡಿ. ಎರಡನೆಯದರಲ್ಲಿ ಕಾರು ಎದುರು ರಸ್ತೆಗೆ ತಿರುಗಿದ್ದರೆ ನಿಮ್ಮ ಮಾತಿಗೆ ಅದೇ ಸಾಕ್ಷಿ. ಒಂದೇ ಫೋಟೊ, ಅದೂ ಅಡ್ಡ ನಿಂತದ್ದು ಎಂದಾದರೆ ತಕರಾರು ಹಾಕಲು ಧಾರಾಳವಾಗಿ ಆಧಾರವಿದೆ. ಆದರೆ ಆ ಸಿಗ್ನಲ್ಲಿನಲ್ಲಿ ಯೂ ಟರ್ನ್ ನಿಷೇಧದ ಫಲಕ ಇತ್ತೇ ಎಂದು ಮೊದಲು ನೆನಪು ಮಾಡಿಕೊಳ್ಳಿ. ಇದ್ದರೆ ಬಸ್ ದಾರಿಯದು ಬಿದ್ದುಹೋದರೂ ಆ ತಪ್ಪು ಉಳಿಯುತ್ತದೆ.

ಚಲನ್ ಕಾಗದವನ್ನೂ ಓದಿ. ಕ್ಯಾಮೆರಾ ಚಲನ್‌ಗಳಿಗೆ 2021ರ ಆಗಸ್ಟಿನಲ್ಲಿ ಬಂದ ಕೇಂದ್ರ ನಿಯಮ 167ಎ ಅನ್ವಯಿಸುತ್ತದೆ. ಅದರ ಪಟ್ಟಿಯಲ್ಲಿ ಹುಬ್ಬಳ್ಳಿ-ಧಾರವಾಡವೂ ಇದೆ, ನಮ್ಮ ದಾವಣಗೆರೆಯೂ ಇದೆ. ತಪ್ಪೂ ನಂಬರ್ ಪ್ಲೇಟೂ ಸ್ಪಷ್ಟವಾಗಿ ಕಾಣುವ ಫೋಟೊ, ದಿನಾಂಕ, ಸಮಯ, ಸ್ಥಳ, ಮುರಿದ ಕಲಮು ಎಲ್ಲವೂ ಚಲನ್‌ನಲ್ಲಿರಬೇಕು ಎನ್ನುತ್ತದೆ ಆ ನಿಯಮ. ಕ್ಯಾಮೆರಾ ಇರುವ ಭಾಗಕ್ಕೆ ಮುಂಚೆಯೇ ಎಚ್ಚರಿಕೆ ಫಲಕ ಇರಬೇಕು, ಗೊತ್ತುಪಡಿಸಿದ ದಿನಗಳೊಳಗೆ ನೋಟಿಸ್ ಕಳಿಸಬೇಕು ಎಂದೂ ಇದೆ. ಚಾಲನಾ ನಿಬಂಧನೆ ಮುರಿದದ್ದಕ್ಕೆ 177ಎ ಕಲಮು ಹಾಕಿದ್ದರೆ ಕಾಯ್ದೆಯಲ್ಲಿ ದಂಡ 500ರಿಂದ 1,000 ರೂಪಾಯಿ.

ತಕರಾರು ಹಾಕುವುದಾದರೆ ಹಣ ಕಟ್ಟುವ ಮೊದಲೇ ಹಾಕಿ. ಕಟ್ಟಿದ ಮೇಲೆ ವಾದಕ್ಕೆ ಜಾಗ ಉಳಿಯುವುದಿಲ್ಲ. ಸಂದೇಶದಲ್ಲಿ ಬಂದ ಕೊಂಡಿ ಒತ್ತಬೇಡಿ, ಆ್ಯಪ್ ಹಾಕಿಕೊಳ್ಳಿ ಎಂದರಂತೂ ಅದು ಮೋಸವೇ. echallan.parivahan.gov.in ಎಂದು ನೀವೇ ಟೈಪ್ ಮಾಡಿ, ಚಲನ್ ಅಲ್ಲೂ ಇದೆಯೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಇದ್ದರೆ ಅಲ್ಲಿನ ದೂರು ವಿಭಾಗದಲ್ಲಿ ಫೋಟೊ ಸೇರಿಸಿ ಎರಡೇ ಸಾಲು ಬರೆಯಿರಿ: “ಸಿಗ್ನಲ್ಲಿನಲ್ಲಿ ಯೂ ಟರ್ನ್ ತೆಗೆದುಕೊಳ್ಳುವಾಗ ಬಸ್ ದಾರಿಯನ್ನು ಅಡ್ಡ ದಾಟಿದ್ದೇನೆ, ಅದರಲ್ಲಿ ಓಡಿಸಿಲ್ಲ. ಮುಂದಿನ ಕ್ಷಣಗಳ ದೃಶ್ಯ ಪರಿಶೀಲಿಸಿ.” ಕಾರಿನಲ್ಲಿ ಡ್ಯಾಶ್ ಕ್ಯಾಮೆರಾ ಇದ್ದರೆ ಆ ದಿನದ್ದನ್ನು ಇವತ್ತೇ ಬೇರೆ ಕಡೆ ಉಳಿಸಿಡಿ, ಮೆಮೊರಿ ಕಾರ್ಡ್ ತುಂಬಿದಂತೆ ಹಳೆಯದು ಅಳಿಸಿಹೋಗುತ್ತದೆ. ದೂರು ತಳ್ಳಿಹಾಕಿದರೆ ಉಳಿಯುವುದು ಕೋರ್ಟು. ಅದಕ್ಕಾಗಿ ಹುಬ್ಬಳ್ಳಿಗೆ ಓಡಾಡಬೇಕಾಗಿ ಬಂದರೆ ಒಂದು ದಿನದ ಬಾಡಿಗೆ ಹೋಗುತ್ತದೆ, ಡೀಸೆಲ್ ಖರ್ಚು ಬೇರೆ. ದಂಡ 500 ರೂಪಾಯಿ ಇದ್ದರೆ ಆ ಹಂತದಲ್ಲಿ ಲೆಕ್ಕ ಹಾಕಿಯೇ ಮುಂದುವರಿಯಿರಿ.