ಹೊಸ ವಿಷಯ ಆರನೇ ವಾಕ್ಯದಲ್ಲಿ ಅಡಗಿದ್ದರೆ ಅಬ್‌ಸ್ಟ್ರ್ಯಾಕ್ಟ್ ತಿದ್ದುವುದು ಹೇಗೆ?

ಪ್ರಶ್ನೆ: ಹಳೆಯ ಅಚ್ಚಿನ ಕನ್ನಡ ಪುಸ್ತಕಗಳ ಓಸಿಆರ್ ಬಗ್ಗೆ ಕಾನ್ಫರೆನ್ಸಿಗೆ ಪೇಪರ್ ಕಳಿಸಿದ್ದೆ. ಇಬ್ಬರು ರಿವ್ಯೂವರ್‌ಗಳೂ "ಹೊಸತೇನು ಅಂತ ಸ್ಪಷ್ಟವಿಲ್ಲ" ಅಂದಿದ್ದಾರೆ. "ಪ್ರಪ್ರಥಮ ಬಾರಿಗೆ" ಅಂತ ಒತ್ತಿ ಬರೆದರೆ ಸಾಕಾ, ಇಲ್ಲಾ ಯಾರಿಂದಾದರೂ ಇಂಗ್ಲಿಷ್ ತಿದ್ದಿಸಬೇಕಾ? ಅಬ್‌ಸ್ಟ್ರ್ಯಾಕ್ಟಿನ ಸಾರಾಂಶ ಇದು:

> ಕನ್ನಡ ಶ್ರೀಮಂತ ಸಾಹಿತ್ಯ ಪರಂಪರೆಯುಳ್ಳ ದ್ರಾವಿಡ ಭಾಷೆ. ಅದರ ಹಳೆಯ ಮುದ್ರಿತ ಪುಸ್ತಕಗಳ ಡಿಜಿಟಲೀಕರಣ ಇಂದಿನ ಅಗತ್ಯ. ಡೀಪ್ ಲರ್ನಿಂಗ್‌ನಿಂದ ಓಸಿಆರ್ ಕ್ಷೇತ್ರ ಬಹಳ ಮುಂದುವರಿದಿದೆ. ಆದರೂ ಕನ್ನಡ ಲಿಪಿಯ ಸಂಕೀರ್ಣತೆಯಿಂದ ಹಲವು ಸವಾಲುಗಳು ಉಳಿದಿವೆ. ಪ್ರೀಪ್ರೊಸೆಸಿಂಗ್, ಸಾಲು ಬಿಡಿಸುವುದು, ರೆಕಗ್ನಿಶನ್ ಎಲ್ಲವನ್ನೂ ಒಳಗೊಂಡ ಹೊಚ್ಚಹೊಸ ಫ್ರೇಮ್‌ವರ್ಕನ್ನು ಈ ಪೇಪರ್ ಮಂಡಿಸುತ್ತದೆ. ಇದರಲ್ಲಿ ಒತ್ತಕ್ಷರಗಳನ್ನು ಸರಿಯಾದ ಸಾಲಿಗೆ ಸೇರಿಸುವ ಹಂತವನ್ನೂ ಬಳಸಲಾಗಿದೆ. ಫಲಿತಾಂಶಗಳು ಆಶಾದಾಯಕವಾಗಿವೆ.

ಉತ್ತರ:

ಎರಡೂ ಬೇಡ. ಇದೇ ಮೈಕಟ್ಟಿನ ಅಬ್‌ಸ್ಟ್ರ್ಯಾಕ್ಟನ್ನು ನಾನೂ ಬರೆದು ಕಳಿಸಿದವನೇ. ಇದು ಇಂಗ್ಲಿಷಿನ ತೊಂದರೆ ಅಲ್ಲ. "ಪ್ರಪ್ರಥಮ" ಸೇರಿಸಿದರೆ ಇರುವುದೂ ಕೆಡುತ್ತದೆ. ಒಬ್ಬ ರಿವ್ಯೂವರ್‌ಗೆ ಒಂದೇ ಒಂದು ಹಳೆಯ ಪೇಪರ್ ನೆನಪಾದರೂ ಸಾಕು, ಮಿಕ್ಕ ಪುಟಗಳನ್ನೆಲ್ಲ ಅನುಮಾನದಿಂದಲೇ ಓದುತ್ತಾರೆ.

ನಿಮ್ಮ ಹೊಸ ವಿಷಯ ಆರನೇ ವಾಕ್ಯದಲ್ಲಿದೆ. ಅಲ್ಲೂ "ಬಳಸಲಾಗಿದೆ" ಅನ್ನುವ ಕ್ರಿಯಾಪದದ ಕೆಳಗೆ, "ಹಂತವನ್ನೂ" ಅನ್ನುವ ಮಾತಿನ ಹಿಂದೆ ಕೂತಿದೆ. ಹೀಗಾಗುವುದಕ್ಕೆ ಕಾರಣ ಒಂದೇ: ನೀವು ಕೆಲಸ ಮಾಡಿದ ಕ್ರಮದಲ್ಲೇ ಬರೆದಿದ್ದೀರಿ. ಮೊದಲು ಭಾಷೆ ಆರಿಸಿಕೊಂಡಿರಿ, ಆಮೇಲೆ ಸಮಸ್ಯೆ, ಆಮೇಲೆ ಹಳೆಯ ಪೇಪರ್‌ಗಳನ್ನು ಓದಿದಿರಿ, ಆಮೇಲೆ ಪೈಪ್‌ಲೈನ್ ಕಟ್ಟಿದಿರಿ, ಕಟ್ಟುವಾಗ ಒತ್ತಕ್ಷರ ಕಾಡಿತು, ಅದನ್ನು ಸರಿಮಾಡಿದಿರಿ. ನಿಜವಾದ ಶೋಧ ಯಾವಾಗಲೂ ಕೆಲಸದ ಕೊನೆಗೆ ಆಗುವುದರಿಂದ, ಈ ಕ್ರಮದಲ್ಲಿ ಬರೆದರೆ ಅದು ಕೊನೆಗೇ ಹೋಗುತ್ತದೆ. ಜೊತೆಗೆ ತಿಂಗಳುಗಟ್ಟಲೆ ಬೆವರಿಳಿಸಿದ್ದು ಪೈಪ್‌ಲೈನಿಗೆ, ಒತ್ತಕ್ಷರದ ಹಂತ ಬರೆದದ್ದು ಕೆಲವೇ ದಿನಗಳಲ್ಲಿ. ಆದ್ದರಿಂದ ಬರೆದವರಿಗೆ ಪೈಪ್‌ಲೈನೇ ದೊಡ್ಡದಾಗಿ ಕಾಣುತ್ತದೆ, ಅದಕ್ಕೆ "ಹೊಚ್ಚಹೊಸ ಫ್ರೇಮ್‌ವರ್ಕ್" ಅಂತ ಹೆಸರಿಟ್ಟುಬಿಡುತ್ತಾರೆ. ಪ್ರೀಪ್ರೊಸೆಸಿಂಗ್, ಸೆಗ್ಮೆಂಟೇಶನ್, ರೆಕಗ್ನಿಶನ್ ಎಲ್ಲರ ಓಸಿಆರ್‌ನಲ್ಲೂ ಇರುವುದೇ. ರಿವ್ಯೂವರ್ ನಿಮ್ಮ ಮಾತನ್ನು ನಂಬಿ ಫ್ರೇಮ್‌ವರ್ಕಿನಲ್ಲಿ ಹೊಸತನ ಹುಡುಕಿದರು, ಸಿಗಲಿಲ್ಲ.

ಇದರಿಂದ ಇನ್ನೊಂದು ಪೆಟ್ಟೂ ಬೀಳುತ್ತದೆ, ಅದು ಲೇಖಕರ ಕಣ್ಣಿಗೆ ಬೀಳುವುದಿಲ್ಲ. ಕಂಪ್ಯೂಟರ್ ಸೈನ್ಸಿನ ಬಹಳಷ್ಟು ಕಾನ್ಫರೆನ್ಸ್‌ಗಳಲ್ಲಿ ರಿವ್ಯೂವರ್‌ಗಳು ಯಾವ ಪೇಪರ್ ತಮಗೆ ಬೇಕು ಅಂತ ಟೈಟಲ್ ಮತ್ತು ಅಬ್‌ಸ್ಟ್ರ್ಯಾಕ್ಟ್ ನೋಡಿಯೇ ಆರಿಸಿಕೊಳ್ಳುತ್ತಾರೆ. ನಿಮ್ಮ ಮೊದಲ ಐದು ವಾಕ್ಯ ನೋಡಿದವರಿಗೆ ಇದು ಡೀಪ್ ಲರ್ನಿಂಗ್ ರೆಕಗ್ನಿಶನ್ ಪೇಪರ್ ಅನ್ನಿಸುತ್ತದೆ. ಪುಟವಿನ್ಯಾಸ, ಸಾಲು ಬಿಡಿಸುವುದು ಇವುಗಳ ಮೇಲೆ ಕೆಲಸ ಮಾಡಿದವರ ಕೈಗೆ ಹೋಗಬೇಕಾದದ್ದು ಬೇರೆಯವರ ಕೈಗೆ ಹೋಗುತ್ತದೆ, ಅವರು "ಮಾಡೆಲ್ ಹಳೆಯದು" ಅಂತ ಬರೆದು ಕಳಿಸುತ್ತಾರೆ.

ಈಗ ತಿದ್ದುವುದು. ಅಬ್‌ಸ್ಟ್ರ್ಯಾಕ್ಟ್ ಫೈಲ್ ಮುಚ್ಚಿ, ಫಲಿತಾಂಶದ ಟೇಬಲ್ ತೆರೆಯಿರಿ. ಒಂದೊಂದೇ ಹಂತ ತೆಗೆದು ಓಡಿಸಿದ ಅಬ್ಲೇಶನ್ ಸಾಲುಗಳಿದ್ದರೆ, ಯಾವುದನ್ನು ತೆಗೆದಾಗ ಅಂಕಿ ಅತಿ ಹೆಚ್ಚು ಕುಸಿಯುತ್ತದೆ ನೋಡಿ. ನಿಮ್ಮದರಲ್ಲಿ ಅದು ಒತ್ತಕ್ಷರದ ಹಂತ ಎಂದೇ ಇಟ್ಟುಕೊಂಡು ಮುಂದುವರಿಯುತ್ತೇನೆ. ಅಂಥ ಟೇಬಲ್ ಇಲ್ಲವಾದರೆ ಮೊದಲು ಅದನ್ನು ಮಾಡಿ. ಹೊಸತು ಯಾವುದು ಅಂತ ನಿಮಗೇ ಟೇಬಲಿನಲ್ಲಿ ತೋರಿಸಲು ಆಗದಿದ್ದರೆ ವಾಕ್ಯ ತಿದ್ದಿ ಪ್ರಯೋಜನವಿಲ್ಲ.

ಆಮೇಲೆ ಆ ಹಂತ ಯಾಕೆ ಬೇಕಾಯಿತು ಅನ್ನುವುದನ್ನು ಪಕ್ಕದ ಲ್ಯಾಬಿನವರಿಗೆ ಹೇಳುವಂತೆ ಬಾಯಲ್ಲಿ ಹೇಳಿ ನೋಡಿ. ಹೀಗೆ ಬರುತ್ತದೆ: ಸಾಲು ಬಿಡಿಸುವ ಸರಳ ವಿಧಾನ ಪುಟದ ಪ್ರತಿ ಅಡ್ಡ ಪಟ್ಟಿಯಲ್ಲಿ ಎಷ್ಟು ಕಪ್ಪು ಪಿಕ್ಸೆಲ್ ಇದೆ ಅಂತ ಎಣಿಸುತ್ತದೆ, ಎಣಿಕೆ ಬಿದ್ದಲ್ಲಿ ಸಾಲು ಮುಗಿಯಿತು ಅಂತ ಕತ್ತರಿಸುತ್ತದೆ. ಕನ್ನಡದಲ್ಲಿ ಮೂಲ ಅಕ್ಷರಕ್ಕೂ ಅದರ ಕೆಳಗಿನ ಒತ್ತಿಗೂ ನಡುವೆಯೇ ಎಣಿಕೆ ಬೀಳುತ್ತದೆ. ಹಳೆಯ ಅಚ್ಚಿನಲ್ಲಿ ಸಾಲುಗಳು ಒತ್ತೊತ್ತಾಗಿದ್ದರೆ ಕೆಳಗಿನ ಸಾಲಿನ ಗುಡಿಸು ಮೇಲಿನ ಸಾಲಿನ ಒತ್ತಿನ ಮಟ್ಟಕ್ಕೇ ಏರಿ ಬಂದಿರುತ್ತದೆ. ಆಗ ಕತ್ತರಿ ತಪ್ಪು ಜಾಗದಲ್ಲಿ ಬೀಳುತ್ತದೆ: "ಹತ್ತು" ಇದ್ದದ್ದು ರೆಕಗ್ನೈಸರ್‌ಗೆ "ಹತು" ಆಗಿ ತಲುಪುತ್ತದೆ, ತ ಒತ್ತು ಕೆಳಗಿನ ಸಾಲಿನ ನೆತ್ತಿಯ ಮೇಲೆ ಕಸದಂತೆ ಕೂರುತ್ತದೆ. ಚಿತ್ರದಲ್ಲೇ ಇಲ್ಲದ ಒತ್ತನ್ನು ಎಷ್ಟು ದೊಡ್ಡ ಮಾಡೆಲ್ ಆದರೂ ಓದಲಾರದು.

ನಿಮ್ಮ ಪೇಪರಿನ ನಿಜವಾದ ಮಾತು ಈ ಕೊನೆಯ ವಾಕ್ಯ. ಒಂದು ಹಂತ ಸೇರಿಸಿದಿರಿ ಅನ್ನುವುದಕ್ಕಿಂತ, ತಪ್ಪು ಎಲ್ಲರೂ ಹುಡುಕುತ್ತಿದ್ದ ಕಡೆ ಇಲ್ಲ ಅನ್ನುವುದು ದೊಡ್ಡ ವಿಷಯ. ನಾನಾದರೆ ಮೊದಲೆರಡು ವಾಕ್ಯ ಹೀಗೆ ಬರೆಯುತ್ತೇನೆ. ಇಂಗ್ಲಿಷಿಗೆ ಒಯ್ಯುವಾಗ ಕ್ರಮ ಬದಲಿಸಬೇಡಿ, ಅಂಕಿಗಳನ್ನು ನಿಮ್ಮ ಟೇಬಲಿನಿಂದ ತುಂಬಿ:

> ಒತ್ತೊತ್ತಾಗಿ ಅಚ್ಚಾದ ಹಳೆಯ ಕನ್ನಡ ಪುಟಗಳಲ್ಲಿ ಓಸಿಆರ್ ತಪ್ಪುಗಳ ದೊಡ್ಡ ಪಾಲು ಅಕ್ಷರ ಗುರುತಿಸುವಾಗ ಆಗುವುದಲ್ಲ, ಅದಕ್ಕೂ ಮೊದಲೇ ಸಾಲು ಬಿಡಿಸುವಾಗ ಒತ್ತಕ್ಷರ ತನ್ನ ಸಾಲಿನಿಂದ ಕಳಚಿಹೋಗುವುದರಿಂದ ಆಗುವುದು. ಪ್ರತಿ ಒತ್ತಕ್ಷರವನ್ನೂ ಅದರ ಮೂಲ ಅಕ್ಷರದ ಸಾಲಿಗೆ ಮರಳಿ ಸೇರಿಸುವ ಹಂತವೊಂದನ್ನು ನಾವು ರೂಪಿಸಿದ್ದು, ಅದರಿಂದ ರೆಕಗ್ನೈಸರನ್ನು ಮುಟ್ಟದೆಯೇ ಅಕ್ಷರ ದೋಷದ ಪ್ರಮಾಣ ಶೇ. __ರಿಂದ ಶೇ. __ಕ್ಕೆ ಇಳಿಯುತ್ತದೆ.

ಮೊದಲ ವಾಕ್ಯದಲ್ಲಿ ಹಿನ್ನೆಲೆ ಇದೆ, ಆದರೆ ಅದು ನಿಮ್ಮ ಪೇಪರಿಗೆ ಮಾತ್ರ ಹೊಂದುವ ಹಿನ್ನೆಲೆ. "ಕನ್ನಡ ಶ್ರೀಮಂತ ಭಾಷೆ" ಅನ್ನುವುದು ಕನ್ನಡದ ಮೇಲಿನ ಯಾವ ಪೇಪರಿಗೆ ಅಂಟಿಸಿದರೂ ಅಂಟುತ್ತದೆ, ಹಾಗಾಗಿ ಅದಕ್ಕೆ ಅಬ್‌ಸ್ಟ್ರ್ಯಾಕ್ಟಿನಲ್ಲಿ ಜಾಗವಿಲ್ಲ. ಎರಡನೇ ವಾಕ್ಯದಲ್ಲಿ "ರೆಕಗ್ನೈಸರನ್ನು ಮುಟ್ಟದೆಯೇ" ಅನ್ನುವ ತುಂಡು ಬಹಳ ಮುಖ್ಯ. ಹಿಂದಿನವರಿಗಿಂತ ನೀವು ಎಲ್ಲಿ ಬೇರೆ ಅನ್ನುವುದನ್ನು ಅದೊಂದೇ ಹೇಳುತ್ತದೆ, ಅಂಕಿ ಇಳಿದದ್ದಕ್ಕೆ ಇನ್ಯಾವುದೋ ಕಾರಣ ಇರಬಹುದು ಅನ್ನುವ ಅನುಮಾನಕ್ಕೂ ಅದೇ ಉತ್ತರ. "ಹೊಸ" ಅನ್ನುವ ಪದ ಎರಡರಲ್ಲೂ ಇಲ್ಲ ಗಮನಿಸಿ.

ಆದರೆ ಮೊದಲ ವಾಕ್ಯ ಈಗ ಒಂದು ಆರೋಪ. ಅದಕ್ಕೆ ಸಾಕ್ಷಿ ಪೇಪರಿನೊಳಗೆ ಇರಲೇಬೇಕು. ಟೆಸ್ಟ್ ಸೆಟ್ಟಿನಿಂದ ಒಂದಿಪ್ಪತ್ತು ಪುಟ ಯಾದೃಚ್ಛಿಕವಾಗಿ ಎತ್ತಿಕೊಂಡು ಪ್ರತಿ ತಪ್ಪನ್ನೂ ಕೈಯಾರೆ ವಿಂಗಡಿಸಿ: ಒತ್ತು ಕತ್ತರಿಸಿಹೋದದ್ದು, ಒತ್ತು ಇದ್ದೂ ತಪ್ಪಾಗಿ ಓದಿದ್ದು, ಮಸಿ ಹರಡಿದ್ದು, ಮಿಕ್ಕದ್ದು. ಮೊದಲ ಗುಂಪು ನಿಜಕ್ಕೂ ದೊಡ್ಡದಿದ್ದರೆ "ದೊಡ್ಡ ಪಾಲು" ತೆಗೆದು ಆ ಶೇಕಡಾವಾರನ್ನೇ ಹಾಕಿ. ಚಿಕ್ಕದಿದ್ದರೆ ವಾಕ್ಯ ಬದಲಿಸಿ, "ಒತ್ತಕ್ಷರವಿರುವ ಪದಗಳಲ್ಲಿ" ಅಂತ ವ್ಯಾಪ್ತಿ ಕಿರಿದು ಮಾಡಿ. ವ್ಯಾಪ್ತಿ ಕಿರಿದಾದರೆ ಹೊಸತನ ಕಮ್ಮಿಯಾಗುತ್ತದೆ ಅನ್ನುವ ಭಯ ಬೇಡ. "ಒತ್ತೊತ್ತಾಗಿ ಅಚ್ಚಾದ" ಅನ್ನುವ ಮಾತು ಇರುವುದರಿಂದಲೇ, ವಿರಳ ಸಾಲಿನ ಹೊಸ ಪುಸ್ತಕ ತೋರಿಸಿ ನಿಮ್ಮ ಮಾತನ್ನು ಯಾರೂ ಬೀಳಿಸಲಾರರು.

ಅಂಕಿಯಲ್ಲೂ ಒಂದು ಎಚ್ಚರ. ಮೊದಲಿನದು ಮತ್ತು ನಂತರದ್ದು ಎರಡೂ ಅದೇ ಪುಟಗಳ ಮೇಲೆ, ಅದೇ ರೆಕಗ್ನೈಸರ್‌ನಿಂದ ಬಂದಿರಬೇಕು. ಎರಡನ್ನೂ ಕೊಡಿ, ವ್ಯತ್ಯಾಸ ಮಾತ್ರ ಕೊಡಬೇಡಿ. ದೋಷ ಶೇ. 10ರಿಂದ 8ಕ್ಕೆ ಇಳಿದರೂ, ಶೇ. 2ರಿಂದ 1.6ಕ್ಕೆ ಇಳಿದರೂ "ಶೇ. 20 ಸುಧಾರಣೆ" ಅಂತಲೇ ಬರೆಯಬಹುದು. ಓದುವವರಿಗೆ ಅದು ಗೊತ್ತು, ಮೂಲ ಅಂಕಿ ಕಾಣದಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂದುಕೊಳ್ಳುತ್ತಾರೆ.

ಮೂರನೇ ವಾಕ್ಯಕ್ಕೆ ವಿಧಾನ ಬರಲಿ: ಅಕ್ಷರದ ಸಾಮಾನ್ಯ ಎತ್ತರಕ್ಕಿಂತ ಗಿಡ್ಡವಾಗಿದ್ದು, ತನ್ನ ನೇರ ಮೇಲೆ ಮೂಲ ಅಕ್ಷರವೊಂದು ಇರುವ ತುಣುಕನ್ನು ಮೇಲಿನ ಸಾಲಿಗೆ ಸೇರಿಸುತ್ತೇವೆ, ಇಷ್ಟೇ. ನಾಲ್ಕನೆಯದರಲ್ಲಿ ಎಷ್ಟು ಪುಟ, ಯಾವ ಕಾಲದ ಅಚ್ಚು. ಐದನೆಯದರಲ್ಲಿ ವಿಧಾನ ಎಲ್ಲಿ ಸೋಲುತ್ತದೆ: ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಅಂಟಿಕೊಂಡೇ ಅಚ್ಚಾಗಿದ್ದರೆ ಎರಡೂ ಒಂದೇ ತುಣುಕಾಗಿ ಕಾಣುತ್ತವೆ, ಆಗ ಈ ನಿಯಮ ಕೆಲಸ ಮಾಡುವುದಿಲ್ಲ. ಡಿಜಿಟಲೀಕರಣದ ಅಗತ್ಯ ಹೇಳಲೇಬೇಕೆನಿಸಿದರೆ ಎಲ್ಲಕ್ಕಿಂತ ಕೊನೆಗೆ ಹೇಳಿ.

ಹಿನ್ನೆಲೆ ಇಲ್ಲದೆ ಶುರು ಮಾಡಿದರೆ ಒರಟಾಗಿ ಕಾಣುತ್ತದೆ ಅಂತ ನಿಮ್ಮ ಗೈಡ್ ಹೇಳಬಹುದು. ಅವರಿಗೆ ರೆಸ್‌ನೆಟ್ ಪೇಪರಿನ ಅಬ್‌ಸ್ಟ್ರ್ಯಾಕ್ಟ್ ತೋರಿಸಿ. 2015ರ ಡಿಸೆಂಬರಿನಲ್ಲಿ ಹೊರಬಂದದ್ದು. ಆಳವಾದ ನ್ಯೂರಲ್ ನೆಟ್‌ವರ್ಕ್‌ಗಳಿಗೆ ತರಬೇತಿ ಕೊಡುವುದು ಹೆಚ್ಚು ಕಷ್ಟ ಅನ್ನುವುದು ಅದರ ಮೊದಲ ವಾಕ್ಯ, ಇಂಗ್ಲಿಷಿನಲ್ಲಿ ಎಂಟೇ ಪದ. ಹಿಂದಿಗಿಂತ ಬಹಳ ಆಳದ ನೆಟ್‌ವರ್ಕ್‌ಗಳ ತರಬೇತಿಯನ್ನು ಸುಲಭ ಮಾಡುವ ರೆಸಿಡ್ಯುಯಲ್ ಕಲಿಕೆಯ ಚೌಕಟ್ಟು ಕೊಡುತ್ತೇವೆ ಅನ್ನುವುದು ಎರಡನೆಯದು. 152 ಪದರ, ಇಮೇಜ್‌ನೆಟ್‌ನಲ್ಲಿ ಶೇ. 3.57 ದೋಷ, 2015ರ ಸ್ಪರ್ಧೆಯಲ್ಲಿ ಮೊದಲ ಸ್ಥಾನ, ಇವೆಲ್ಲ ಆಮೇಲೆ ಬರುತ್ತವೆ. ಆಳ ಯಾಕೆ ಮುಖ್ಯ ಅನ್ನುವ ಸಾಮಾನ್ಯ ಮಾತಂತೂ ಈ ಫಲಿತಾಂಶಗಳೂ ಮುಗಿದ ಮೇಲೆ ಬರುತ್ತದೆ. ಅಲ್ಲೂ "ಫ್ರೇಮ್‌ವರ್ಕ್" ಅನ್ನುವ ಪದ ಇದೆ, ಆದರೆ ಅದು ಏನನ್ನು ಸುಲಭ ಮಾಡುತ್ತದೆ ಅನ್ನುವುದು ಅದೇ ವಾಕ್ಯದಲ್ಲಿದೆ.

ಬರೆದ ಮೇಲೆ ಮೊದಲೆರಡು ವಾಕ್ಯ ಮಾತ್ರ ಒಂದು ಚೀಟಿಯಲ್ಲಿ ಬರೆದು, ನಿಮ್ಮ ಕೆಲಸ ಗೊತ್ತಿಲ್ಲದ ಒಬ್ಬರಿಗೆ ಕೊಡಿ. ಓದಿದ ಮೇಲೆ ಚೀಟಿ ವಾಪಸ್ ಇಸಿದುಕೊಂಡು, "ಇವರು ಏನು ಕಂಡುಕೊಂಡರು?" ಅಂತ ಕೇಳಿ. "ಕನ್ನಡ ಓಸಿಆರ್ ಚೆನ್ನಾಗಿ ಮಾಡಿದ್ದಾರೆ" ಅಂದರೆ ಇನ್ನೂ ಆಗಿಲ್ಲ. "ಒತ್ತು ಮೊದಲೇ ಕತ್ತರಿಸಿಹೋಗುತ್ತಿತ್ತಂತೆ" ಅಂದರೆ ಆಯಿತು. ನಿಮ್ಮ ಗೈಡನ್ನು ಕೇಳಬೇಡಿ, ಅವರಿಗೆ ಉತ್ತರ ಮೊದಲೇ ಗೊತ್ತು.

ವೈದ್ಯಕೀಯ ಕಾನ್ಫರೆನ್ಸ್‌ಗಳಂತೆ ಹಿನ್ನೆಲೆ, ವಿಧಾನ, ಫಲಿತಾಂಶ ಅಂತ ತಲೆಬರಹಗಳನ್ನೇ ಕೊಟ್ಟಿರುವ ಕಡೆ ಈ ಕ್ರಮ ನಿಮ್ಮ ಕೈಯಲ್ಲಿರುವುದಿಲ್ಲ. ಅಲ್ಲಿ ಹಿನ್ನೆಲೆಯನ್ನು ಒಂದೇ ವಾಕ್ಯಕ್ಕೆ ಇಳಿಸಿ, ಎರಡನೇ ವಾಕ್ಯವಾಗಿ ಉದ್ದೇಶವನ್ನಿಟ್ಟು, ಹೊಸ ವಿಷಯವನ್ನು ಅದರಲ್ಲೂ ಟೈಟಲಿನಲ್ಲೂ ಹೇಳಬೇಕು. ನಿಮ್ಮ ಟೈಟಲಿಗೂ ಈ ಕೆಲಸ ಬಾಕಿ ಇದೆ: ಅದರಲ್ಲಿ "ಫ್ರೇಮ್‌ವರ್ಕ್" ಇದ್ದರೆ ತೆಗೆದು "ಒತ್ತಕ್ಷರ", "ಸಾಲು ಬಿಡಿಸುವುದು" ಎರಡನ್ನೂ ತನ್ನಿ. ಇಂಟ್ರೊಡಕ್ಷನ್ ಕೊನೆಯಲ್ಲಿ ಕೊಡುಗೆಗಳ ಪಟ್ಟಿ ಇದ್ದರೆ ಅಲ್ಲೂ ಪೈಪ್‌ಲೈನನ್ನು ಕೆಳಗಿಳಿಸಿ, ತಪ್ಪುಗಳನ್ನು ವಿಂಗಡಿಸಿದ ಕೆಲಸವನ್ನು ಮೊದಲು ಇಡಿ.