ರಿಸಲ್ಟ್‌ಗೆ ಮುಂಚೆ ಹಾಕುವ ಕ್ಯಾರೊಸೆಲ್: ಯಾವ ಮಾತು ಬೇಡ, ಯಾವ ನಂಬರ್ ಬೇಕು

ಪ್ರಶ್ನೆ: ನಾನು ಪಿಯು ಕಾಲೇಜೊಂದರಲ್ಲಿ ಉಪನ್ಯಾಸಕಿ. ಕಾಲೇಜಿನ ಇನ್‌ಸ್ಟಾಗ್ರಾಮ್ ಪೇಜ್ ನನ್ನ ಜವಾಬ್ದಾರಿ. ದ್ವಿತೀಯ ಪಿಯು ರಿಸಲ್ಟ್ ಬರುವ ಮುಂಚೆ ಮಾನಸಿಕ ಆರೋಗ್ಯದ ಬಗ್ಗೆ ಒಂದು ಕ್ಯಾರೊಸೆಲ್ ಹಾಕಬೇಕೆಂದಿದ್ದೇವೆ. ಹುಡುಗರು ಬರೆದುಕೊಟ್ಟ ಮೊದಲ ಕಾರ್ಡ್: "ಫೇಲಾದರೆ ಸಾವೇ ಪರಿಹಾರವಲ್ಲ!" ಎರಡನೆಯದು: "ನೀವು ಖಿನ್ನತೆಯಿಂದ ಬಳಲುತ್ತಿದ್ದೀರಾ?" ಕೊನೆಯ ಕಾರ್ಡ್‌ನಲ್ಲಿ ಐದು ಸಹಾಯವಾಣಿ ನಂಬರ್. ಏನೋ ಸರಿ ಇಲ್ಲ ಅನ್ನಿಸುತ್ತಿದೆ, ಏನು ಅಂತ ಹೇಳಲಾಗುತ್ತಿಲ್ಲ. ತಿದ್ದಿಕೊಡುತ್ತೀರಾ?

ಉತ್ತರ: ಮೇಡಂ, ನಿಮಗೆ ಸರಿ ಇಲ್ಲ ಅನ್ನಿಸಿದ್ದು ಸರಿಯೇ. ಮೊದಲ ಕಾರ್ಡನ್ನು ಜೋರಾಗಿ ಓದಿ ನೋಡಿ. "ಸಾವೇ ಪರಿಹಾರವಲ್ಲ." ಆ "ಏ" ಏನು ಹೇಳುತ್ತಿದೆ? "ದುಡ್ಡೇ ಮುಖ್ಯವಲ್ಲ" ಅಂದಾಗ ದುಡ್ಡು ಮುಖ್ಯವೇ, ಆದರೆ ಅದೊಂದೇ ಅಲ್ಲ ಅಂತ ಅರ್ಥ ಬರುತ್ತದೆ. ಇಲ್ಲೂ ಹಾಗೇ. ಸಾವು ಪರಿಹಾರಗಳ ಸಾಲಿನಲ್ಲಿ ಕೂತುಬಿಟ್ಟಿತು. "ಏ" ತೆಗೆದು "ಸಾವು ಪರಿಹಾರವಲ್ಲ" ಅಂತ ಮಾಡಿದರೂ ತೊಂದರೆ ಪೂರ್ತಿ ಹೋಗುವುದಿಲ್ಲ. ಫೇಲು, ಸಾವು, ಪರಿಹಾರ ಈ ಮೂರು ಪದ ಒಂದೇ ಸಾಲಿನಲ್ಲಿವೆ. ಆ ಯೋಚನೆಯೇ ಇಲ್ಲದ ಮಗುವಿನ ಮುಂದೆ ಫೇಲಿಗೂ ಸಾವಿಗೂ ನಾವೇ ಗಂಟು ಹಾಕಿದಂತಾಯಿತು. ಯೋಚನೆ ಇರುವ ಮಗುವಿಗೆ "ಬೇಡ" ಅಂದೆವು, ಆದರೆ ಮುಂದೇನು ಮಾಡಬೇಕು ಅಂತ ಹೇಳಲಿಲ್ಲ.

ಆತ್ಮಹತ್ಯೆಯನ್ನು ಸಮಸ್ಯೆಗೆ ಒಂದು ದಾರಿ ಎಂಬಂತೆ ತೋರಿಸಬೇಡಿ, ಒಂದೇ ಕಾರಣಕ್ಕೆ ಕಟ್ಟಬೇಡಿ, ವಿಧಾನ ಮತ್ತು ಜಾಗ ಬರೆಯಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮದವರಿಗೆ ಬಹಳ ವರ್ಷಗಳಿಂದ ಹೇಳುತ್ತಿದೆ. ಭಾರತೀಯ ಪತ್ರಿಕಾ ಮಂಡಳಿಯೂ 2019ರಲ್ಲಿ ಇದೇ ಆಧಾರದ ಮೇಲೆ ಸೂಚನೆ ಕೊಟ್ಟಿತು. ಕಾಲೇಜಿನ ಪೇಜ್ ಪತ್ರಿಕೆಯಲ್ಲ, ನಿಜ. ಆದರೆ ಅದನ್ನು ನೋಡುವವರೆಲ್ಲ ಹದಿನೇಳು, ಹದಿನೆಂಟರ ಮಕ್ಕಳು. ಹಾಗಾಗಿ ನಮಗೆ ಆ ಎಚ್ಚರ ಇನ್ನೂ ಜಾಸ್ತಿ ಬೇಕು.

ನಾನು ಕಾರ್ಡ್ ಬರೆಯುವಾಗ ಒಂದು ಮಗುವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ. ರಿಸಲ್ಟ್ ಬಂದ ರಾತ್ರಿ ಹನ್ನೊಂದು ಗಂಟೆ. ಮನೆಯಲ್ಲಿ ಬೈದು ಎಲ್ಲರೂ ಮಲಗಿದ್ದಾರೆ. ಹುಡುಗಿ ಹೊದಿಕೆಯೊಳಗೆ ಫೋನ್ ಹಿಡಿದುಕೊಂಡಿದ್ದಾಳೆ. ಅವಳಿಗೆ ಓದುವ ತಾಳ್ಮೆ ಎರಡು ಸಾಲಿನಷ್ಟು. ಮೊದಲ ಕಾರ್ಡ್ ಅವಳಿಗೆ ಹೀಗಿರಲಿ:

"ರಿಸಲ್ಟ್ ನೋಡಿದ ಮೇಲೆ ಎದೆ ಭಾರ ಆಗಿದೆಯಾ? ಒಬ್ಬರ ಹತ್ತಿರ ಹೇಳಿಕೊಳ್ಳಿ. ಮನೆಯಲ್ಲಿ ಹೇಳಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ. ರಾತ್ರಿಯೂ ಇರುತ್ತಾರೆ. ದುಡ್ಡು ಕೊಡಬೇಕಿಲ್ಲ."

ಎರಡನೇ ಕಾರ್ಡ್‌ನ ತೊಡಕು ಬೇರೆ. "ಖಿನ್ನತೆ" ಪುಸ್ತಕದ ಪದ. ಆ ಹುಡುಗಿ ತನ್ನ ಬಗ್ಗೆ ಯಾವತ್ತೂ ಹಾಗೆ ಹೇಳಿಕೊಂಡಿರುವುದಿಲ್ಲ. "ಯಾಕೋ ಬೇಜಾರು," "ಏನೂ ಬೇಡ ಅನ್ನಿಸುತ್ತೆ," "ನಿದ್ದೆ ಬರಲ್ಲ," "ತಲೆ ಓಡಲ್ಲ," "ಸುಮ್ನೆ ಅಳು ಬರುತ್ತೆ" ಅನ್ನುತ್ತಾಳೆ. ಖಿನ್ನತೆ ಇದೆಯಾ ಅಂತ ಕೇಳಿದರೆ "ಅದು ನನಗಲ್ಲ" ಅಂತ ಕಾರ್ಡ್ ದಾಟಿ ಹೋಗುತ್ತಾಳೆ. ಇನ್ನು ಕೆಲವು ಮಕ್ಕಳು ಒಂದು ದಿನದ ದುಃಖಕ್ಕೇ ತಮಗೆ ಕಾಯಿಲೆ ಅಂತ ಅಂದುಕೊಂಡುಬಿಡುತ್ತಾರೆ. ಫೇಲಾದ ದಿನ ಅತ್ತರೆ ಅದು ಕಾಯಿಲೆಯಲ್ಲ. ಬೇಜಾರು ಎರಡು ವಾರ ಕಳೆದರೂ ದಿನದ ಬಹುಪಾಲು ಹೊತ್ತು ಬಿಡದೆ ಇದ್ದರೆ, ಊಟ, ನಿದ್ದೆ, ಇಷ್ಟದ ಕೆಲಸ ಎಲ್ಲ ಕೆಟ್ಟರೆ ಡಾಕ್ಟರಿಗೆ ತೋರಿಸಬೇಕು. ಸಾಯಬೇಕು ಅನ್ನಿಸಿದರೆ ಎರಡು ವಾರ ಕಾಯುವ ಮಾತೇ ಇಲ್ಲ, ಆವತ್ತೇ ಯಾರಿಗಾದರೂ ಹೇಳಬೇಕು. ಕಾರ್ಡ್‌ನಲ್ಲಿ ಇದನ್ನು ಅವರದೇ ಮಾತಿನಲ್ಲಿ ಬರೆಯಿರಿ. ಆವತ್ತೇ ಹೇಳಬೇಕು ಅನ್ನುವ ಸಾಲನ್ನು ಮಾತ್ರ ಬಿಡಬೇಡಿ. ಅದಿಲ್ಲದಿದ್ದರೆ "ಎರಡು ವಾರ" ಅನ್ನುವುದು ಕಾಯಲು ಹೇಳಿದಂತೆ ಕೇಳಿಸುತ್ತದೆ.

ಪದಗಳ ಬಗ್ಗೆ ಇನ್ನೊಂದು ಮಾತು. "ಆತ್ಮಹತ್ಯೆಗೆ ಶರಣಾದ" ಅಂತ ಬರೆಯುವ ರೂಢಿ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆ ಅಂದರೆ ಕಿವಿಗೆ ಹೊಡೆಯುವುದೇ ಇಲ್ಲ. ನಾವು ಶರಣಾಗುವುದು ದೇವರಿಗೆ, ಗುರುಗಳಿಗೆ. ಸಾವಿಗೆ ಆ ಮಾತು ಹಚ್ಚಿದರೆ ಅಲ್ಲೊಂದು ಆಸರೆ ಇದೆ ಅನ್ನುವ ಛಾಯೆ ಬರುತ್ತದೆ. "ವಿಫಲ ಯತ್ನ" ಅನ್ನುವುದೂ ಬೇಡ. ಬದುಕಿ ಉಳಿದದ್ದು ಸೋಲು ಅಂದಂತೆ ಆಗುತ್ತದೆ, ಅದೂ ಫೇಲಾದ ಮಕ್ಕಳ ಮುಂದೆ. "ಮೆಂಟಲ್," "ಹುಚ್ಚು," "ತಲೆ ಕೆಟ್ಟವರು" ಅಂತೂ ತಮಾಷೆಗೂ ಬೇಡ. ಇಂಗ್ಲಿಷ್ ಪೋಸ್ಟ್‌ಗಳಿಂದ ಸಾಲು ಎತ್ತಿ ಕನ್ನಡಕ್ಕೆ ತರುವಾಗಲೂ ನೋಡಿ. "ನೀವು ಒಂಟಿಯಲ್ಲ" ಅಂದರೆ ನಮ್ಮ ಮಕ್ಕಳಿಗೆ ಏನೂ ಮುಟ್ಟುವುದಿಲ್ಲ. "ನಾನು ಸ್ಟಾಫ್ ರೂಮಿನಲ್ಲಿ ಇರುತ್ತೇನೆ, ಬಾ" ಅಂದರೆ ಮುಟ್ಟುತ್ತದೆ.

ಹಾಗಂತ ಸಾವಿನ ಮಾತು ಎಲ್ಲೂ ಬರಬಾರದು ಅಂತಲ್ಲ. ಒಂದು ಕಾರ್ಡ್ ಗೆಳೆಯರಿಗೆ ಇರಲಿ. ಮಕ್ಕಳು ಮೊದಲು ಹೇಳಿಕೊಳ್ಳುವುದು ಗೆಳೆಯರ ಹತ್ತಿರವೇ ಅಲ್ವಾ? ಅಲ್ಲಿ ಮಾತ್ರ ಸುತ್ತಿ ಬಳಸದೆ ಬರೆಯಿರಿ: "ಗೆಳತಿ ಮೆಸೇಜ್‌ಗೆ ಉತ್ತರ ಕೊಡುತ್ತಿಲ್ಲವಾ? ಇನ್ನು ನಾನು ಇರಲ್ಲ ಅನ್ನುವಂತೆ ಮಾತಾಡಿದಳಾ? ಸಾಯಬೇಕು ಅನ್ನಿಸ್ತಿದೆಯಾ ಅಂತ ನೇರವಾಗಿ ಕೇಳು. ಹೌದು ಅಂದರೆ ಅವಳ ಜೊತೆಗೇ ಇರು. ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡ. ಈಗಲೇ ಒಬ್ಬ ದೊಡ್ಡವರಿಗೆ ಹೇಳು. ಇಬ್ಬರೂ ಸೇರಿ 14416ಕ್ಕೆ ಫೋನ್ ಮಾಡಿ. ಜೀವಕ್ಕೆ ಅಪಾಯ ಅನ್ನಿಸಿದರೆ 112." ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ಎಷ್ಟೋ ಉಪನ್ಯಾಸಕರು ಹೆದರುತ್ತಾರೆ. ಹುಟ್ಟುವುದಿಲ್ಲ. ಒಬ್ಬರು ಪ್ರೀತಿಯಿಂದ ಕೇಳಿದಾಗ ಮನಸ್ಸು ಹಗುರಾಗುವುದೇ ಹೆಚ್ಚು. ಅಪಾಯ ಇರುವುದು ವಿಧಾನ ವಿವರಿಸುವುದರಲ್ಲಿ, ತೀರಿಕೊಂಡವರ ಫೋಟೊ ಹಾಕುವುದರಲ್ಲಿ. ಹಿಂದೆ ನಿಮ್ಮ ಕಾಲೇಜಿನಲ್ಲಿ ಅಂಥದ್ದೇನಾದರೂ ನಡೆದಿದ್ದರೆ ಅದನ್ನು ಈ ಪೋಸ್ಟ್‌ಗೆ ತರಬೇಡಿ. ಹಗ್ಗ, ಮಾತ್ರೆ, ರೈಲು ಹಳಿಯ ಚಿತ್ರವೂ ಬೇಡ. ಕತ್ತಲಲ್ಲಿ ತಲೆ ಹಿಡಿದು ಕೂತವರ ಚಿತ್ರ ಎಲ್ಲ ಪೋಸ್ಟ್‌ನಲ್ಲೂ ಇರುತ್ತದೆ, ನನಗದು ಇಷ್ಟವಿಲ್ಲ. ಇಬ್ಬರು ಕಟ್ಟೆಯ ಮೇಲೆ ಕೂತು ಮಾತಾಡುವ ಚಿತ್ರ ಸಾಕು.

ಒಂದು ಕಾರ್ಡ್ ಕತೆಗೆ ಕೊಡಿ. 2010ರಲ್ಲಿ ಆಸ್ಟ್ರಿಯಾದ ಸಂಶೋಧಕರು ಪತ್ರಿಕಾ ವರದಿಗಳನ್ನು ಒಟ್ಟುಮಾಡಿ ನೋಡಿದರು. ಸಾಯುವ ಯೋಚನೆ ಬಂದರೂ ಅದನ್ನು ದಾಟಿ ಬಂದವರ ಬಗ್ಗೆ ಬರೆದ ವರದಿಗಳ ನಂತರ ಆತ್ಮಹತ್ಯೆ ಕಡಿಮೆಯಾದದ್ದು ಕಂಡಿತು. ಹಾಗಾಗಿ ದಾಟಿ ಬಂದ ಕತೆ ಬೇಕು. ಆದರೆ ಫೇಲಾಗಿ ದೊಡ್ಡ ಮನುಷ್ಯರಾದವರ ಕತೆ ಬೇಡ. ಆವತ್ತಿನ ರಾತ್ರಿ ಆ ಹುಡುಗಿಗೆ ಅದು ಇನ್ನೊಂದು ಪರೀಕ್ಷೆಯಂತೆ ಕಾಣುತ್ತದೆ. ನಿಮ್ಮದೇ ಹಳೆಯ ವಿದ್ಯಾರ್ಥಿಯೊಬ್ಬರು ಒಪ್ಪಿದರೆ, ಹೆಸರಿಲ್ಲದೆ, ಆ ರಾತ್ರಿ ಏನು ಮಾಡಿದರು ಅನ್ನುವುದನ್ನಷ್ಟೇ ಹಾಕಿ: "ಅಪ್ಪನಿಗೆ ಹೇಳಲು ಧೈರ್ಯ ಬರಲಿಲ್ಲ. ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅವರು ಬೆಳಿಗ್ಗೆ ಮನೆಗೆ ಬಂದರು. ಪರೀಕ್ಷೆ-2ಕ್ಕೆ ಕಟ್ಟಿದೆ." ಇಷ್ಟರಲ್ಲೇ ದಾರಿ ಕಾಣುತ್ತದೆ. ಪರೀಕ್ಷೆ-2ರ ಶುಲ್ಕ ಕಟ್ಟುವ ಕೊನೆಯ ದಿನ ಪ್ರಕಟವಾದ ಕೂಡಲೇ ಅದನ್ನೂ ಹಾಕಿ. ನಾಳೆ ಮಾಡಲು ಒಂದು ಕೆಲಸ ಇದೆ ಅನ್ನುವುದೇ ದೊಡ್ಡ ಹಿಡಿತ.

ಈಗ ನಂಬರ್‌ಗೆ ಬರೋಣ. ಐದು ನಂಬರ್ ಬೇಡ. ಕಷ್ಟದಲ್ಲಿ ಇರುವವರಿಗೆ ಐದರಲ್ಲಿ ಒಂದನ್ನು ಆರಿಸುವುದೂ ಭಾರವೇ. ನಾನು ಮೊದಲು ಮಾಡಿದ ಪೋಸ್ಟರ್ ಒಂದರಲ್ಲಿ ಆರು ನಂಬರ್ ಹಾಕಿದ್ದೆ. ತಿಂಗಳ ಮೇಲೆ ಒಬ್ಬ ಹುಡುಗ ಬಂದು, "ಸರ್, ಮೊದಲನೆಯದು ಯಾರೂ ಎತ್ತಲಿಲ್ಲ, ಎರಡನೆಯದು ಚಾಲ್ತಿಯಲ್ಲಿಲ್ಲ, ಆಮೇಲೆ ಬಿಟ್ಟುಬಿಟ್ಟೆ" ಅಂದ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅಲ್ಲಿಂದ ಮುಂದೆ ನಾನೇ ಫೋನ್ ಮಾಡಿ ನೋಡದ ನಂಬರ್ ಹಾಕಿಲ್ಲ.

ನೀವೂ ಮಾಡಿ ನೋಡಿ. 14416 ಅಂದರೆ ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸೇವೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಆ ನಂಬರ್ ಸಿಗದಿದ್ದರೆ 1800-891-4416. ಮೊದಲು ರೆಕಾರ್ಡ್ ಆದ ದನಿ ಭಾಷೆ ಆರಿಸಲು ಹೇಳುತ್ತದೆ. ಆಮೇಲೆ ಆಪ್ತಸಮಾಲೋಚಕರು ಮಾತಾಡುತ್ತಾರೆ, ಬೇಕಾದರೆ ಮನೋವೈದ್ಯರಿಗೆ ಜೋಡಿಸುತ್ತಾರೆ. ಎಷ್ಟೋ ಮಕ್ಕಳು ಆ ರೆಕಾರ್ಡ್ ದನಿ ಕೇಳಿ ಗಾಬರಿಯಾಗಿ ಇಟ್ಟುಬಿಡುತ್ತಾರೆ. ಅದಕ್ಕೇ ಒಂದು ಕಾರ್ಡ್ ಪೂರ್ತಿ ಇದಕ್ಕೇ ಕೊಡಿ: "ಫೋನ್ ಮಾಡಿದರೆ ಏನಾಗುತ್ತದೆ?" ನೀವು ಕೇಳಿಸಿಕೊಂಡದ್ದನ್ನು ಹಾಗೇ ಬರೆಯಿರಿ, ಕನ್ನಡಕ್ಕೆ ಯಾವ ಅಂಕಿ ಒತ್ತಬೇಕು ಅನ್ನುವುದನ್ನೂ ಸೇರಿಸಿ. ಮೊದಲ ಮಾತು ಏನು ಆಡಬೇಕು ಅಂತಲೂ ಕೊಡಿ: "ನನ್ನ ರಿಸಲ್ಟ್ ಬಂತು, ಮನಸ್ಸು ತುಂಬಾ ಕೆಟ್ಟಿದೆ, ಮಾತಾಡಬೇಕು." ಬಾಯಿ ಕಟ್ಟಿದವರು ಅದನ್ನೇ ಓದಿಬಿಡಬಹುದು.

ಎದುರಿಗೆ ಕೂತು ಮಾತಾಡಬೇಕು ಅನ್ನುವವರಿಗೆ ಊರಿನ ದಾರಿ ತೋರಿಸಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಮಂಗಳವಾರ ಬರುವ ವ್ಯವಸ್ಥೆ ಇದೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ವಾರ, ಎಷ್ಟು ಹೊತ್ತಿಗೆ, ಯಾವ ಕೊಠಡಿ ಅಂತ ಹೋಗಿ ಕೇಳಿಕೊಂಡು ಬಂದು ಬರೆಯಿರಿ. "ತಜ್ಞರನ್ನು ಸಂಪರ್ಕಿಸಿ" ಅನ್ನುವುದಕ್ಕಿಂತ ಕೊಠಡಿ ಸಂಖ್ಯೆ ಹೆಚ್ಚು ಕೆಲಸ ಮಾಡುತ್ತದೆ.

ನಂಬರ್ ಕೊನೆಯ ಕಾರ್ಡ್‌ನಲ್ಲಿ ಮಾತ್ರ ಇದ್ದರೆ ಬಹಳ ಜನಕ್ಕೆ ತಲುಪುವುದಿಲ್ಲ. ತುಂಬಾ ಜನ ಎರಡು ಮೂರು ಕಾರ್ಡ್ ಸರಿಸಿ ಬಿಟ್ಟುಬಿಡುತ್ತಾರೆ. ಮೊದಲನೆಯದನ್ನು ಸರಿಸದೆ ಹೋದವರಿಗೆ ಇನ್‌ಸ್ಟಾಗ್ರಾಮ್ ಕೆಲವು ಸಲ ಅದೇ ಪೋಸ್ಟನ್ನು ಎರಡನೇ ಕಾರ್ಡ್‌ನಿಂದ ತೋರಿಸುತ್ತದೆ. ಇನ್ನು ಒಂದೇ ಕಾರ್ಡ್‌ನ ಸ್ಕ್ರೀನ್‌ಶಾಟ್ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತದೆ. ಹಾಗಾಗಿ ಪ್ರತಿ ಕಾರ್ಡ್ ಒಂಟಿಯಾಗಿ ಸಿಕ್ಕರೂ ಅರ್ಥ ಕೆಡಬಾರದು. "ನಿಮ್ಮಿಂದ ಏನೂ ಆಗಲ್ಲ ಅನ್ನಿಸುತ್ತಿದೆಯೇ?" ಅಂತ ಒಂದು ಕಾರ್ಡ್‌ನಲ್ಲಿ ಕೇಳಿ, ಉತ್ತರವನ್ನು ಮುಂದಿನದಕ್ಕೆ ಉಳಿಸಬೇಡಿ. ಎಲ್ಲದರ ಕೆಳಗೂ ಸಣ್ಣದಾಗಿ 14416 ಇರಲಿ. ಏಳು ಕಾರ್ಡ್‌ಗಿಂತ ಹೆಚ್ಚು ಮಾಡಬೇಡಿ. ಚಿತ್ರದೊಳಗಿನ ನಂಬರ್ ಒತ್ತಿದರೆ ಫೋನ್ ಹೋಗುವುದಿಲ್ಲ, ಹಾಗಾಗಿ ವಾಟ್ಸಾಪ್‌ಗೆ ಅಕ್ಷರದಲ್ಲೂ ಕಳಿಸಿ. ಅಲ್ಲಿ ನಂಬರ್ ಒತ್ತಿದರೆ ಸಾಕು. ಕಣ್ಣು ಕಾಣದ ಮಕ್ಕಳಿಗಾಗಿ ಆಲ್ಟ್ ಟೆಕ್ಸ್ಟ್‌ನಲ್ಲಿ ಕಾರ್ಡ್‌ನ ಪೂರ್ತಿ ಮಾತು ಬರೆಯಿರಿ.

ಪೋಸ್ಟನ್ನು ರಿಸಲ್ಟ್‌ನ ಹಿಂದಿನ ಸಂಜೆ ಹಾಕಿ. ಹಾಕಿದ ಮೇಲೆ ಮೂರು ದಿನ ಕಾಮೆಂಟ್ ಮತ್ತು ಮೆಸೇಜ್ ನೋಡಲು ಇಬ್ಬರನ್ನು ಹೆಸರು ಹಿಡಿದು ಗೊತ್ತು ಮಾಡಿ. ಇಬ್ಬರೂ ದೊಡ್ಡವರಾಗಿರಲಿ, ವಿದ್ಯಾರ್ಥಿಗಳಿಗೆ ಈ ಹೊರೆ ಬೇಡ. "ಯಾವಾಗ ಬೇಕಾದರೂ ಮೆಸೇಜ್ ಮಾಡಿ" ಅಂತ ಬರೆಯಬೇಡಿ, ರಾತ್ರಿ ಎರಡಕ್ಕೆ ನೀವು ಎದ್ದಿರುವುದಿಲ್ಲ. "ಈ ಪೇಜ್‌ನ ಮೆಸೇಜ್ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ನೋಡುತ್ತೇವೆ. ಬೇರೆ ಹೊತ್ತಿನಲ್ಲಿ 14416" ಅಂತ ಮೊದಲ ಕಾಮೆಂಟ್ ಹಾಕಿ ಪಿನ್ ಮಾಡಿ. ಯಾರಾದರೂ ಕಾಮೆಂಟ್‌ನಲ್ಲಿ ಸಾಯುವ ಮಾತು ಬರೆದರೆ ಅಲ್ಲೇ ಚರ್ಚೆಗೆ ಇಳಿಯಬೇಡಿ, ಅಳಿಸಿ ಸುಮ್ಮನಾಗಲೂ ಬೇಡಿ. ಅವರಿಗೆ ಮೆಸೇಜ್ ಮಾಡಿ: "ಬರೆದದ್ದು ಒಳ್ಳೆಯದಾಯಿತು. ಈಗ ಎಲ್ಲಿದ್ದೀಯ? ಜೊತೆಗೆ ಯಾರಿದ್ದಾರೆ? ಫೋನ್ ಮಾಡಲಾ?" ನಿಮ್ಮ ವಿದ್ಯಾರ್ಥಿಯೇ ಆದರೆ ದಾಖಲಾತಿ ಪುಸ್ತಕದಲ್ಲಿ ಮನೆಯ ನಂಬರ್ ಇರುತ್ತದೆ. ರಿಸಲ್ಟ್ ದಿನ ಆ ಪುಸ್ತಕ ಆಫೀಸಿನ ಬೀರುವಿನಲ್ಲಿ ಬೀಗದೊಳಗೆ ಇರದಂತೆ ನೋಡಿಕೊಳ್ಳಿ.